ವರ್ಗಗಳ ಮೊತ್ತ ಮತ್ತು ಒಂದು ಡೆಮೊ ಕ್ಲಾಸು

ಹೊಳೆನರಸೀಪುರದ ಖಾಸಗಿ ಪಿಯು ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವ ಕೆಲಸಕ್ಕಾಗಿ ನಾನು ಕೊಟ್ಟ ಡೆಮೊ ಕ್ಲಾಸಿನ ಕತೆಯನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದು ಇನ್ನಷ್ಟು ಚಂದವಾಗಿದೆ. ಒಮ್ಮೆ ಚಾಕ್‌ಪೀಸ್ ಮುರಿದಿದೆ, ಇನ್ನೊಮ್ಮೆ ಕರೆಂಟ್ ಹೋಗಿದೆ. ಎರಡೂ ಸುಳ್ಳು. ಬೋರ್ಡಿನ ಮೇಲೆ ಬರೆದದ್ದನ್ನು ಮಾತ್ರ ತಿದ್ದಲು ಆಗಿಲ್ಲ. ಅದನ್ನೇ ನಂಬಿಕೊಂಡು ಬರೆಯುತ್ತೇನೆ.

ಬೆಳಿಗ್ಗೆ ಅರಕಲಗೂಡಿನಿಂದ ಹೊರಡುವಾಗ ಅತ್ತೆ ಹೇಳಿದ್ದರು: ‘ಇದೇ ಕಡೇ ಸಲ ಕಣಮ್ಮ. ಇದೂ ಆಗ್ನಿಲ್ಲ ಅಂದ್ರೆ ಸುಮ್ಕೆ ಮನೇಲಿರು. ಅಸ ಕರ ನೋಡ್ಕೊಳಕ್ಕೂ ಒಬ್ರು ಬೇಕು.’ ಗಂಡ ಶೂ ಹಾಕಿಕೊಳ್ಳುತ್ತಿದ್ದರು.

ನನಗಿಂತ ಮೊದಲು, ಅದೇ ಕೆಲಸಕ್ಕೆ ಬಂದಿದ್ದ ಚನ್ನರಾಯಪಟ್ಟಣದ ಯುವಕನೊಬ್ಬ ತುಂಬಿದ ಕ್ಲಾಸಿಗೆ ಪಾಠ ಮಾಡಿದ. ಒಂದು ತಪ್ಪಿಲ್ಲ. ಮುಗಿಸಿದವನೇ ಗೋಡೆಯ ಟೈಮ್‌ಟೇಬಲ್ ನೋಡಿ ‘ಭಾನುವಾರಾನೂ ಕ್ಲಾಸ್ ಯಾಕೆ ಸಾರ್?’ ಎಂದು ಗಣಿತ ವಿಭಾಗದ ಮುಖ್ಯಸ್ಥರನ್ನೇ ಕೇಳಿದ. ಅವರು ಕನ್ನಡಕ ಒರೆಸಿಕೊಂಡರು. ನನ್ನ ಸರದಿ ಬಂತು.

‘ಮೊದಲ n ಸ್ವಾಭಾವಿಕ ಸಂಖ್ಯೆಗಳ ವರ್ಗಗಳ ಮೊತ್ತ. ಸೂತ್ರ ಹೇಗೆ ಬರ್ತದೆ ತೋರಿಸಿ,’ ಎಂದರು ಮುಖ್ಯಸ್ಥರು.

ನಾವೆಲ್ಲ ಇದನ್ನು ಪರೀಕ್ಷೆಗೆ ಕಲಿಸುವುದು ಇಂಡಕ್ಷನ್‌ನಲ್ಲಿ, ಅಂದರೆ ಸೂತ್ರ n = 1ಕ್ಕೆ ಸರಿ, ಒಂದು ಸಂಖ್ಯೆಗೆ ಸರಿಯಾದರೆ ಮುಂದಿನದಕ್ಕೂ ಸರಿ ಎಂದು ತೋರಿಸಿ. ನನ್ನ ಕೈ ತಾನಾಗಿ n(n+1)(2n+1)/6 ಎಂದು ಬರೆದು, ಕೆಳಗೆ ‘n = 1 ಆದಾಗ’ ಎಂದು ಶುರುಮಾಡಿತು.

‘ಮೇಡಂ, ಆ ಸೂತ್ರ ಎಲ್ ಸಿಕ್ತು? ಬಸ್ಸಲ್ಲಿ ಯಾರಾದ್ರೂ ಬಿಟ್ ಹೋಗಿದ್ರಾ?’

ಕ್ಲಾಸು ನಕ್ಕಿತು. ಮುಖ್ಯಸ್ಥರು ಕೇಳಿದ್ದು ನ್ಯಾಯವೇ. ಇಂಡಕ್ಷನ್ ಕೈಯಲ್ಲಿರುವ ಸೂತ್ರ ಸರಿ ಎಂದು ತೋರಿಸುತ್ತದೆ, ಅದನ್ನು ಹುಡುಕಿಕೊಡುವುದಿಲ್ಲ. ಅಳಿಸಿ ಮತ್ತೆ ಬರೆದೆ:

(k+1)³ − k³ = 3k² + 3k + 1

k ಜಾಗದಲ್ಲಿ ಒಂದರಿಂದ n ತನಕ ಹಾಕಿ ಎಲ್ಲ ಸಾಲುಗಳನ್ನೂ ಕೂಡಿದರೆ, ಎಡಗಡೆ ಒಂದು ಸಾಲಿನ ಘನವನ್ನು ಮುಂದಿನ ಸಾಲು ಹೊಡೆದುಹಾಕುತ್ತದೆ. ಕೊನೆಗೆ ಉಳಿಯುವುದು (n+1)³ − 1. ಬೇಕಾದ ಮೊತ್ತವನ್ನು S ಎಂದು ಕರೆದೆ. k ಗಳ ಮೊತ್ತ n(n+1)/2 ಎಂದು ಮಕ್ಕಳಿಗೆ ಗೊತ್ತಿತ್ತು.

(n+1)³ − 1 = 3S + 3n(n+1)/2 + 1

ಅಭ್ಯಾಸಬಲ. n = 1 ಹಾಕಿ ಪರೀಕ್ಷಿಸಿದೆ. ಎಡಕ್ಕೆ ಏಳು, ಬಲಕ್ಕೆ 3S + 3 + 1. S ಒಂದು. ಸರಿಹೋಯಿತು. ‘ನೋಡಿ ಮಕ್ಕಳೇ,’ ಎಂದು ತಿರುಗಿದೆ.

‘ಭೇಷ್. ಈಗ ಎರಡು ಹಾಕಿ,’ ಎಂದರು ಮುಖ್ಯಸ್ಥರು.

ಇಪ್ಪತ್ತಾರು ಸಮ 3S, ಕೂಡಿಸು ಒಂಬತ್ತು, ಕೂಡಿಸು ಒಂದು. S ಹದಿನಾರು ಬೈ ಮೂರು. ಬರಬೇಕಿದ್ದುದು ಐದು.

‘ಒಂದರ ವರ್ಗ, ಎರಡರ ವರ್ಗ. ಕೂಡಿದ್ರೆ ಭಿನ್ನರಾಶಿ! ಹೊಸ ಗಣಿತ ಕಣ್ರೋ, ಬರ್ಕೊಳ್ಳಿ,’ ಎಂದು ಅವರು ಮಕ್ಕಳ ಕಡೆ ತಿರುಗಿದರು.

ಈ ಸಲ ಕ್ಲಾಸಿನ ನಗು ಎಷ್ಟು ಜೋರಾಗಿತ್ತೋ ನನಗೆ ಈಗ ಗೊತ್ತಿಲ್ಲ. ಬಹುಶಃ ಕೆಲವರು ಮಾತ್ರ ನಕ್ಕರು. ನಾನು ಬೋರ್ಡು ನೋಡುತ್ತಲೇ ಇದ್ದೆ. ತಪ್ಪು ಕಾಣಲಿಲ್ಲ.

ಹಳ್ಳಿಮೈಸೂರಿನಿಂದ ಬರುವ ಹುಡುಗಿಯೊಬ್ಬಳು ಎದ್ದಳು. ‘ಸಾ, ಪ್ರತಿ ಸಾಲಿನ ಕೊನೇಲೂ ಕೂಡಿಸು ಒಂದು ಐತೆ ಸಾ. n ಸಾಲಿಗೆ n ಆಯ್ತದೆ. ಮೇಡಂ ಒಂದೇ ಒಂದು ಕೂಡವ್ರೆ.’

n ಒಂದಾದಾಗ ಇರುವುದು ಒಂದೇ ಸಾಲು. ಅದಕ್ಕೇ ಆ ಪರೀಕ್ಷೆಯಲ್ಲಿ ತಪ್ಪು ಸಿಕ್ಕಿಬೀಳಲಿಲ್ಲ. ಡಸ್ಟರ್ ಎತ್ತಿಕೊಂಡೆ.

‘ಬೇಡ ಮೇಡಂ, ಅವಳು ಮಾಡ್ತಾಳೆ. ನೀವು ಅವಳ ಜಾಗದಲ್ಲಿ ಕೂತ್ಕೊಳಿ.’

ಕೂತೆ. ಬೆಂಚು ಇನ್ನೂ ಬೆಚ್ಚಗಿತ್ತು. ಪಕ್ಕದ ಹುಡುಗಿ ಸರಿದು ಜಾಗ ಕೊಟ್ಟಳು, ಬಾಯಿಗೆ ದುಪಟ್ಟಾ ಒತ್ತಿಕೊಂಡು. ಬೋರ್ಡಿನ ಹುಡುಗಿ ಕೊನೆಯ ಒಂದನ್ನು n ಮಾಡಿದಳು, ಎಲ್ಲವನ್ನೂ ಎರಡರಿಂದ ಗುಣಿಸಿದಳು. 6S = 2n³ + 3n² + n. ಅಪವರ್ತಿಸಿದಳು: n(n+1)(2n+1). ಆರರಿಂದ ಭಾಗಿಸಿ ಕೆಳಗೆ ಗೆರೆ ಎಳೆದಳು.

‘ಅರ್ಥ ಆಯ್ತಾ?’ ಎಂದರು ಮುಖ್ಯಸ್ಥರು.

ಕ್ಲಾಸಿನ ಜೊತೆ ನಾನೂ ‘ಆಯ್ತು ಸಾರ್’ ಅಂದೆ.

‘ನಿಮ್ಮನ್ನೇ ಕೇಳ್ತಿರೋದು ಮೇಡಂ. ಎದ್ ನಿಂತು ಹೇಳಿ.’

ಎದ್ದು ನಿಂತು ಹೇಳಿದೆ.

ಆಮೇಲೆ ಪ್ರಾಂಶುಪಾಲರ ಕೊಠಡಿ. ಯುವಕನೂ ನಾನೂ ಅಕ್ಕಪಕ್ಕ ಕೂತಿದ್ದೆವು. ಪ್ರಾಂಶುಪಾಲರು ‘ಯಾರು?’ ಎಂದು ಕೇಳಿದರು. ಮುಖ್ಯಸ್ಥರು ನಮ್ಮೆದುರಿಗೇ, ದನಿ ತಗ್ಗಿಸದೆ ಹೇಳಿದರು: ‘ಈಯಪ್ಪಂಗೆ ಎಲ್ಲಾ ಬರ್ತದೆ ಸಾರ್, ಆರು ತಿಂಗಳೂ ನಿಲ್ಲಲ್ಲ. ಮೇಡಂನ ತಗಳಿ. ಹುಡುಗ್ರ ಮುಂದೆ ಎದ್ದು ನಿಂತವ್ರೆ. ಇನ್ ಮೇಲೆ ಏನ್ ಹೇಳಿದ್ರೂ ಮಾಡ್ತಾರೆ. ಏನ್ ಮೇಡಂ?’

ಯುವಕ ನನ್ನ ಕಡೆ ನೋಡಿದ. ನಾನು ಎದ್ದು ಹೋಗುತ್ತೇನೆಂದು ಕಾಯುತ್ತಿದ್ದ ಅನ್ನಿಸುತ್ತದೆ. ಈ ಕತೆಯನ್ನು ಒಂದೆರಡು ಸಲ ಹೇಳಿದಾಗ ಅದರಲ್ಲಿ ಎದ್ದು ಹೋಗಿದ್ದೇನೆ ಕೂಡ.

‘ಭಾನುವಾರಾನೂ ಬರ್ತೀನಿ ಸಾರ್,’ ಎಂದೆ.