ಒಳಚಿಲಕದ ಮಾತು

ಅತ್ತೆಯನ್ನು ಮೊದಲ ಸಲ ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದೆ, ಎನ್. ಬೇಗೂರಿನ ಕಡೆಗೆ. ಊಟವಾದ ಮೇಲೆ ಅವರು ಕಿವಿಯ ಮಿಷನ್ ತೆಗೆದಿಟ್ಟು ಮಲಗಿದರು. ನಾನು ಹತ್ತಿರದ ಜಲಾಶಯದ ಹಿನ್ನೀರು ನೋಡಿಕೊಂಡು ವಾಪಸ್ ಬಂದೆ. ಬಾಗಿಲ ಪ್ಯಾನೆಲ್ ಮೇಲೆ ಅಂಗೈ ಇಟ್ಟೆ, ಅಂಕಿಗಳು ಬೆಳಗಿದವು. ಕೋಡ್ ಒತ್ತಿ ಹ್ಯಾಶ್ ಒತ್ತಿದೆ. ಹೆಣ್ಣುದನಿಯೊಂದು ಚೀನೀ ಭಾಷೆಯಲ್ಲಿ ಏನೋ ಹೇಳಿತು. ಬಾಗಿಲು ತೆರೆಯಲಿಲ್ಲ. ಬಡಿದೆ, ಕೂಗಿದೆ. ಅತ್ತೆಗೆ ಏನಾದರೂ ಆಯಿತೇ ಎಂದು ಹೆದರಿ ರಿಸೆಪ್ಷನ್ನಿಗೆ ಫೋನ್ ಮಾಡಿದೆ.

ರಿಸೆಪ್ಷನ್ನಿನವರು ಓಡಿ ಬಂದರು. "ಬೆಳಿಗ್ಗೆ ಲಾಕ್ ರೀಸೆಟ್ ಮಾಡಿದ್ವಿ ಮೇಡಂ. ನಿಮ್ಗೆ ಕೊಟ್ಟಿರೋ ಹೊಸ ಕೋಡ್ ಹಾಕಿದ್ವಿ, ಭಾಷೆ ಬದಲಾಯ್ಸೋದು ಮರ್ತೋಯ್ತು. ಇನ್ನೊಂದಷ್ಟು ಸಲ ಒತ್ತಿ ನೋಡಿ."

"ಸುಮ್ಮನೆ ಒತ್ತೋದು ಬ್ಯಾಡ. ತಪ್ಪು ಜಾಸ್ತಿಯಾದ್ರೆ ಪ್ಯಾನೆಲ್ಲೇ ಸ್ವಲ್ಪ ಹೊತ್ತು ಬಂದ್ ಆಯ್ತದೆ," ಎಂದೆ.

ನಾನು ಕೆ.ಆರ್. ನಗರದಲ್ಲಿ ಹಿಟ್ಟಿನ ಮಿಲ್ ನಡೆಸುವವಳು. ಮೋಟರಿನ ಸದ್ದು ಬದಲಾದರೆ ಏನೋ ಬದಲಾಗಿದೆ ಎಂದೇ ಅರ್ಥ; ಲಾಕಿನ ದನಿಗೂ ಅದೇ ಲೆಕ್ಕ ಹಾಕಿದೆ. ಒಂದೇ ಒಂದು ಸಲ, ಬೇಕೆಂದೇ ತಪ್ಪು ಕೋಡ್ ಒತ್ತಿದೆ. ಕೆಂಪು ದೀಪ ಹೊಳೆಯಿತು, ದನಿ ಬೇರೆಯದೇ ಮಾತು ಹೇಳಿತು. ಮತ್ತೆ ಸರಿಯಾದ ಕೋಡ್ ಒತ್ತಿದೆ: ಕೆಂಪು ಬರಲಿಲ್ಲ, ಮೊದಲಿನ ಮಾತೇ ಕೇಳಿತು. ಅಂದರೆ ಕೋಡ್ ಸರಿಯಿದೆ, ತಡೆಯುತ್ತಿರುವುದು ಇನ್ನೇನೋ.

ಫೋನಿನಲ್ಲಿ ಅನುವಾದದ ಆ್ಯಪ್ ತೆರೆದು ಪ್ಯಾನೆಲ್ ಹತ್ತಿರ ಹಿಡಿದೆ. ಸರಿಯಾದ ಕೋಡನ್ನು ಮೂರನೆಯ ಸಲ ಒತ್ತಿದಾಗ ಪರದೆಯಲ್ಲಿ ಕನ್ನಡ ಮೂಡಿತು: "ಬಾಗಿಲು ಒಳಗಿನಿಂದ ಲಾಕ್ ಆಗಿದೆ."

ನನ್ನ ಎದೆ ಹಗುರಾಯಿತು. ನಾನು ಹೊರಟ ಮೇಲೆ ಅತ್ತೆ ಎದ್ದು ಬಂದು ಒಳಚಿಲಕದ ಗುಬುಟು ತಿರುಗಿಸಿದ್ದಾರೆ. ಎಚ್ಚರ ತಪ್ಪಿ ಬಿದ್ದಿಲ್ಲ, ಮತ್ತೆ ಮಲಗಿ ನಿದ್ದೆ ಮಾಡುತ್ತಿರಬೇಕು; ಮಿಷನ್ ಇಲ್ಲದೆ ಬಡಿದದ್ದು ಕೇಳಿಸಿಲ್ಲ.

ಒಳಚಿಲಕವನ್ನೂ ಮೀರಿ ತೆರೆಯುವ ಕೀ ಇತ್ತು. ಆದರೆ ಅದನ್ನಿಟ್ಟುಕೊಂಡ ಮ್ಯಾನೇಜರ್ ಕೋಟೆ ಪಟ್ಟಣಕ್ಕೆ ಹೋಗಿದ್ದರು. "ಕಾರಿಡಾರ್‌ನಾಗೆ ಈ ರೂಮಿನ ಕರೆಂಟ್ ಸ್ವಿಚ್ ಐತಲ್ಲ, ಇಳ್ಸಿ," ಎಂದೆ.

"ಲಾಕ್ ಕೆಟ್ಟೋದ್ರೆ?"

"ಲಾಕ್ ಬ್ಯಾಟರೀಲಿ ಓಡೋದು ಕಣ್ರೀ. ನಿಲ್ಲೋದು ಫ್ಯಾನು."

ಅವರು ಸ್ವಿಚ್ ಇಳಿಸಿದರು. ಬೇಸಿಗೆಯ ಧಗೆ. ಸ್ವಲ್ಪ ಹೊತ್ತಿಗೆ ಒಳಗೆ ಕೆಮ್ಮು ಕೇಳಿತು, ಆಮೇಲೆ ಚಪ್ಪಲಿಯ ಸದ್ದು. ಗುಬುಟು ತಿರುಗಿತು, ಬಾಗಿಲು ತೆರೆಯಿತು. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದರು.

"ಇಲ್ಲೂ ಕರೆಂಟ್ ಓಯ್ತದೇನವ್ವ? ಒಳ್ಳೆ ಓಟ್ಲು ಅಂದ್ಯಲ್ಲ!"

ನಗು ತಡೆದುಕೊಂಡು, ಮೊದಲು ಅವರ ಕಿವಿಗೆ ಮಿಷನ್ ಇಟ್ಟೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. "ಕಂಡೋರ ಊರು, ಚಿಲಕ ಆಕ್ದೆ ಇರಕ್ಕಾದದಾ?" ಎಂದರು, ಒಂದಿಷ್ಟೂ ಅಳುಕಿಲ್ಲದೆ.

ರಿಸೆಪ್ಷನ್ನಿನವರು ಕರೆಂಟ್ ಸ್ವಿಚ್ ಹಾಕಿ, ತಮ್ಮ ಫೋನಿನ ಲಾಕ್ ಆ್ಯಪಿನಲ್ಲಿ ಭಾಷೆಗಳನ್ನು ಹುಡುಕಿದರು. ಕನ್ನಡ ಇರಲಿಲ್ಲ, ಇಂಗ್ಲಿಷಿಗೆ ಬದಲಾಯಿಸಿದರು. ಅತ್ತೆ ಅಷ್ಟರಲ್ಲಿ ಸೀರೆ ನೆರಿಗೆ ಸರಿಮಾಡಿಕೊಂಡು, ಹಿನ್ನೀರಿನ ಕಡೆ ಮುಂದಾಗಿ ನಡೆದಿದ್ದರು.