ಸಾಲಿನ ಕೊನೆಯಲ್ಲಿ ಕಾಣದ ಅಕ್ಷರ

ಸಂಜೆ ಪತ್ರಿಕೆಯವರ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯುತ್ತದೆ. ಅಷ್ಟೊತ್ತಿಗೆ ಜಯನಗರದ ನಮ್ಮ ಆಫೀಸಿನಿಂದ ಎಂಟೂ ಪುಟಗಳು ತಲಘಟ್ಟಪುರದ ಪ್ರೆಸ್ಸಿಗೆ ಹೋಗಿರಬೇಕು. ಎರಡೂವರೆಗೆ ಬನಶಂಕರಿ ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟು ಇಳಿಯಬೇಕು. ತಡವಾಗಿ ಬಂದ ಕಟ್ಟನ್ನು ಮಾರುವವರು ಬಿಚ್ಚುವುದೂ ಇಲ್ಲ, ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರೆ.

ಪುಟಗಳನ್ನು ಕಳಿಸುವ ಕೆಲಸ ನಮ್ಮಲ್ಲಿ ಯಾರೂ ಕೈಯಿಂದ ಮಾಡುತ್ತಿರಲಿಲ್ಲ. ಸಿಸ್ಟಮ್ ನೋಡಿಕೊಳ್ಳುವವನು ಅದಕ್ಕೊಂದು ಸ್ಕ್ರಿಪ್ಟ್ ಬರೆದಿಟ್ಟಿದ್ದ. ಮೂಲೆಯಲ್ಲಿದ್ದ ಲಿನಕ್ಸ್ ಯಂತ್ರದಲ್ಲಿ ಅದನ್ನು ಓಡಿಸಿದರೆ ಪುಟಗಳನ್ನು ಒಟ್ಟು ಮಾಡಿ, ಪ್ರೆಸ್ಸಿನವರಿಗೆ ಬೇಕಾದ ಹಾಗೆ ಹೆಸರಿಟ್ಟು, ಅವರ ಫೋಲ್ಡರಿಗೆ ಸೇರಿಸುತ್ತಿತ್ತು. ನಲವತ್ತೋ ಐವತ್ತೋ ಸಾಲುಗಳು. ಉಳಿದ ನಾವೆಲ್ಲ ವಿಂಡೋಸ್ ಯಂತ್ರಗಳಲ್ಲಿ ಕೆಲಸ ಮಾಡುತ್ತಿದ್ದೆವು.

ಅವನು ಬಾಗಲಕೋಟೆ ಕಡೆಯವನು. ಮೂರು ವರ್ಷದಿಂದ ಬಿಟಿಎಂನಲ್ಲಿ ಒಂಟಿ ರೂಮಿನಲ್ಲಿದ್ದ. ಆ ವಾರ ಇಟ್ಟಮಡುವಿನಲ್ಲಿ ಮನೆ ಹಿಡಿದಿದ್ದ, ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಲು. ಮಗಳಿಗೆ ಅಲ್ಲೇ ಹತ್ತಿರ ಒಂದು ಶಾಲೆ ನೋಡಿಯೂ ಬಂದಿದ್ದ. ಆದರೆ ಅವನದು ಕರಾರಿನ ಕೆಲಸ, ತಿಂಗಳ ಕೊನೆಗೆ ಮುಗಿಯುತ್ತಿತ್ತು. ಹೊರಗಿನ ಕಂಪನಿಯೊಂದು ಎಲ್ಲವನ್ನೂ ದೂರದಿಂದಲೇ ನೋಡಿಕೊಳ್ಳುತ್ತೇವೆ ಎಂದು ಮ್ಯಾನೇಜರ್ ಹಿಂದೆ ಬಿದ್ದಿತ್ತು. ಆ ತಿಂಗಳು ಪುಟ ಆಗಲೇ ಎರಡು ಸಲ ತಡವಾಗಿತ್ತು, ಎರಡು ಸಲವೂ ನೆಟ್ ಹೋಗಿ. ಮೂರನೇ ಸಲ ಆದರೆ ಕರಾರು ಮುಂದುವರಿಸುವುದಿಲ್ಲ ಎಂದು ಮ್ಯಾನೇಜರ್ ಎಲ್ಲರೆದುರೇ ಹೇಳಿದ್ದರು. ಹೇಳಿದ್ದನ್ನು ಮಾಡುವ ಮನುಷ್ಯ.

ಮನೆ ಬದಲಾಯಿಸಲು ಅವನು ಬುಧವಾರ ರಜೆ ಹಾಕಿದ್ದ. ಸಂಜೆ ನಾಲ್ಕರ ಸುಮಾರಿಗೆ ಪ್ರೆಸ್ಸಿನಿಂದ ಫೋನ್ ಬಂತು: ನಾಳೆಯಿಂದ ಪುಟಗಳು ಬೇರೆ ಫೋಲ್ಡರಿಗೆ ಬರಬೇಕು, ಹೆಸರು ಬರೆದುಕೊಳ್ಳಿ. ಬರೆದುಕೊಂಡೆ. ಅವನಿಗೆ ಫೋನ್ ಮಾಡಿದರೆ ಹಿಂದೆ ಮಂಚ ಇಳಿಸುವ ಗದ್ದಲ.

"ಸರ್, ಒಂದs ಲೈನ್ ಐತ್ರಿ ಅದು. ನಾಳೆ ಮುಂಜಾನೆ ಲಗೂನ ಬಂದು ಮಾಡ್ತೀನ್ರಿ. ನೀವೇನ್ ಚಿಂತಿ ಮಾಡಬ್ಯಾಡ್ರಿ."

ನಾನು ಚಿಂತೆ ಮಾಡಲಿಲ್ಲ, ತಿದ್ದಿದೆ. ಅದು ಬೇರೆ. ಇಪ್ಪತ್ತೇಳು ವರ್ಷ ಬೇರೆಯವರ ಸಾಲುಗಳನ್ನು ತಿದ್ದಿದವನಿಗೆ ಒಂದು ಸಾಲನ್ನು ನಾಳೆಗೆ ಬಿಡುವುದು ಆಗುವುದಿಲ್ಲ. ಅವನು ಬೆಳಿಗ್ಗೆ ಹೊಸ ಮನೆಯಿಂದ ಓಡಿ ಬರುವುದು ತಪ್ಪಲಿ ಎಂದೂ ಇತ್ತು. ಎರಡರಲ್ಲಿ ಯಾವುದು ಎಷ್ಟು ಎಂದು ಈಗ ಹೇಳಲಾರೆ.

ನಾನು ಮುಖ್ಯಸ್ಥನಾಗಿದ್ದ ಸುದ್ದಿ ಡೆಸ್ಕಿನಲ್ಲಿ ಒಂದು ಪದ್ಧತಿ ಇತ್ತು. ಬಂದ ವರದಿಯ ಮೇಲೆಯೇ ತಿದ್ದಬಾರದು. ಅದನ್ನು ಪೂರ್ತಿ ನಕಲು ಮಾಡಿ ಹೊಸ ಫೈಲಿಗೆ ಹಾಕಿ, ಅಲ್ಲಿ ತಿದ್ದಿ ಉಳಿಸಬೇಕು. ಮೂಲ ಹಾಗೇ ಇರಬೇಕು. ನಾಳೆ ಯಾರಾದರೂ ವಕೀಲರ ನೋಟಿಸ್ ಕಳಿಸಿದರೆ ಬೇಕಾಗುತ್ತದೆ. ನಾನೇ ತಂದ ಪದ್ಧತಿ. ಸ್ಕ್ರಿಪ್ಟನ್ನೂ ಹಾಗೆಯೇ ಮಾಡಿದೆ. ನನ್ನ ಯಂತ್ರದಲ್ಲಿ ನೋಟ್‌ಪ್ಯಾಡಿನಲ್ಲಿ ತೆರೆದು, ಎಲ್ಲವನ್ನೂ ನಕಲು ಮಾಡಿ ಹೊಸ ಫೈಲಿಗೆ ಹಾಕಿ, ಫೋಲ್ಡರಿನ ಹೆಸರು ಬದಲಿಸಿ, ಎರಡು ಸಲ ಓದಿ ಉಳಿಸಿದೆ. ಹಳೆಯದನ್ನು ನನ್ನಲ್ಲಿ ಇಟ್ಟುಕೊಂಡೆ. ಹೊಸದನ್ನು ಅದೇ ಹೆಸರಿನಲ್ಲಿ ಎರಡೂ ಯಂತ್ರಗಳಿಂದ ತೆರೆಯಬಹುದಾದ ಹಂಚಿಕೆಯ ಫೋಲ್ಡರಿನ ಮೂಲಕ ಹಳೆಯದರ ಮೇಲೆ ಹಾಕಿದೆ. ಆಗಿದೆ ಎಂದು ಅವನಿಗೊಂದು ಮೆಸೇಜ್ ಹಾಕಬೇಕಿತ್ತು. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ.

ಬೆಳಿಗ್ಗೆ ನಾನು ಬರುವುದೇ ತಡವಾಯಿತು. ಬರುವಷ್ಟರಲ್ಲಿ ಚಿಕ್ಕಲಸಂದ್ರದಲ್ಲಿ ಗೋಡೆ ಕುಸಿದ ಸುದ್ದಿ, ಮುಖಪುಟ ಪೂರ್ತಿ ಬದಲು. ಅವನಿಗೆ ಹೇಳುವುದು ಮರೆತೇಹೋಯಿತು. ಅವನು ತಾನೇ ತಿದ್ದಲೆಂದು ಸ್ಕ್ರಿಪ್ಟ್ ತೆರೆದಿದ್ದ. ಹೊಸ ಹೆಸರು ಆಗಲೇ ಅದರಲ್ಲಿತ್ತು. ಬೆಳಿಗ್ಗೆ ಬಂದ ಕೂಡಲೇ ತಾನೇ ತಿದ್ದಿ ಮರೆತೆನೇನೋ ಎಂದುಕೊಂಡನಂತೆ. ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಅವನು.

ಹನ್ನೆರಡು ಇಪ್ಪತ್ತೈದಕ್ಕೆ ಕೊನೆಯ ಪುಟ ಬಂತು. ಅವನು ಸ್ಕ್ರಿಪ್ಟ್ ಓಡಿಸಿದ. ಓಡಲಿಲ್ಲ. ಪರದೆಯ ಮೇಲೆ ಒಂದೇ ಸಾಲು:

/bin/bash^M: bad interpreter: No such file or directory

ಇನ್ನೊಮ್ಮೆ ಓಡಿಸಿದ. ಅದೇ ಸಾಲು. ಮತ್ತೊಮ್ಮೆ.

"ಹತ್ತು ಸಲ ಕೇಳಿದ್ರೂ ಅದೇ ಹೇಳುತ್ತೆ, ನಮ್ಮತ್ತೆ ಥರ," ಎಂದರು ಪಕ್ಕದಲ್ಲಿ ನಿಂತಿದ್ದ ಪುಟ ವಿನ್ಯಾಸದ ಮೇಡಂ. ಯಾರೂ ನಗಲಿಲ್ಲ.

ಸ್ಕ್ರಿಪ್ಟಿನ ಮೊದಲ ಸಾಲು, ಇದನ್ನು ಯಾವ ಪ್ರೋಗ್ರಾಮ್ ಓದಿ ನಡೆಸಬೇಕು ಎಂದು ಹೇಳುತ್ತದೆ. ಆ ಪ್ರೋಗ್ರಾಮಿನ ಹೆಸರು ಬ್ಯಾಶ್. ಯಂತ್ರ ಈಗ ಅಂಥದ್ದು ಇಲ್ಲವೇ ಇಲ್ಲ ಎನ್ನುತ್ತಿತ್ತು. ಹಿಂದಿನ ಭಾನುವಾರ ಅವನು ಆ ಯಂತ್ರಕ್ಕೆ ಹೊಸ ಡಿಸ್ಕ್ ಹಾಕಿ, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಸಾಗಿಸಿದ್ದ. ಸಾಗಿಸುವಾಗ ಏನೋ ಬಿಟ್ಟುಹೋಗಿದೆ ಎಂಬುದೇ ಅವನ ಮೊದಲ ಯೋಚನೆ.

ಗಾಜಿನ ಕೋಣೆಯಿಂದ ಮ್ಯಾನೇಜರ್ ಬಂದರು. "ಏನಪ್ಪಾ, ಮತ್ತೇನಾಯ್ತು?"

"ಬ್ಯಾಶ್ ಸಿಗವಲ್ದು ಅಂತೈತ್ರಿ ಸರ್."

"ಭಾನುವಾರ ಡಿಸ್ಕ್ ಹಾಕ್ದವನು ನೀನೇ ತಾನೆ? ಸೋಮವಾರ ಚೆಕ್ ಮಾಡಿದ್ಯಾ?"

"ಮೂರು ದಿನ ಓಡೈತ್ರಿ ಸರ್, ಸರಿಯಾಗೇ ಓಡೈತಿ."

"ಇವತ್ತು ಓಡ್ತಿಲ್ವಲ್ಲ."

ಅವನು ಬ್ಯಾಶ್ ಇದೆಯೇ ಎಂದು ಹುಡುಕಿದ. ಇತ್ತು, ಇರಬೇಕಾದ ಜಾಗದಲ್ಲೇ. ಇದ್ದದ್ದನ್ನೇ ಯಂತ್ರ ಇಲ್ಲ ಎನ್ನುತ್ತಿತ್ತು. ಕೈಯಿಂದಲೇ ಕಳಿಸಬಹುದಿತ್ತು, ಆದರೆ ಒಂದೊಂದು ಪುಟಕ್ಕೂ ಪ್ರೆಸ್ಸಿನ ಲೆಕ್ಕದಂತೆ ಹೆಸರು ಕೊಟ್ಟು ಮುಗಿಸಲು ಅರ್ಧ ಗಂಟೆ ಬೇಕು. ಬೇರೆ ದಾರಿ ನೋಡಿದ: ಬ್ಯಾಶನ್ನು ತಾನೇ ಕರೆದು ಸ್ಕ್ರಿಪ್ಟನ್ನು ಅದರ ಕೈಗೆ ಕೊಟ್ಟ. ಈಗ ಒಂದರ ಬದಲು ಹತ್ತು ತಪ್ಪುಗಳು ಬಂದವು. ಪುಟಗಳಿರುವ ಫೋಲ್ಡರೂ ಇಲ್ಲವಂತೆ. ಆ ಫೋಲ್ಡರ್ ನಮ್ಮ ಕಣ್ಣೆದುರೇ ಇತ್ತು.

"ಡಿಸ್ಕs ಹಾಳಾಗಿರಬೇಕ್ರಿ," ಎಂದ, ಬಹಳ ಸಣ್ಣ ದನಿಯಲ್ಲಿ. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡರು. ಹನ್ನೆರಡು ನಲವತ್ತು.

ನಾನು ಅವನ ಹಿಂದೆ ನಿಂತಿದ್ದೆ. ನನಗೆ ಯಂತ್ರದ ವಿಷಯ ಗೊತ್ತಿಲ್ಲ, ಪ್ರೂಫ್ ಓದುವುದು ಗೊತ್ತು. ಪ್ರೂಫ್ ಓದುವವನು ಅರ್ಥ ನೋಡಬಾರದು, ಒಂದೊಂದೇ ಅಕ್ಷರ ನೋಡಬೇಕು. ಬ್ಯಾಶ್ ಎಂಬುದರ ನಂತರ ಒಂದು ಟೋಪಿಯಂಥ ಗುರುತು, ಅದರ ಪಕ್ಕದಲ್ಲಿ ಎಂ.

"ಅದೇನದು, ಹೆಸರಿನ ಬಾಲದಲ್ಲಿ?" ಎಂದು ಕೇಳಿದೆ.

ಅವನು ಪರದೆಯ ಕಡೆ ಬಾಗಿದ. ಮರೆಯಲ್ಲಿರುವ ಅಕ್ಷರಗಳೂ ಕಾಣುವ ಹಾಗೆ ಸ್ಕ್ರಿಪ್ಟನ್ನು ಪರದೆಗೆ ತರಿಸಿದ. ಪ್ರತಿ ಸಾಲಿನ ಕೊನೆಯಲ್ಲೂ, ಖಾಲಿ ಸಾಲುಗಳ ಕೊನೆಯಲ್ಲೂ, ಅದೇ ಟೋಪಿ, ಅದೇ ಎಂ. ಉಸಿರು ಬಿಟ್ಟು ಕುರ್ಚಿಗೆ ಒರಗಿದ.

"ಡಿಸ್ಕ್ ಅಲ್ರಿ ಇದು. ಈ ಫೈಲ್ ವಿಂಡೋಸ್‌ನ್ಯಾಗ ಬರದು ಉಳಿಸ್ಯಾರ್ರಿ. ವಿಂಡೋಸ್ ಪ್ರತಿ ಸಾಲಿನ ಕೊನಿಗೆ ಒಂದು ಹೆಚ್ಚಿನ ಅಕ್ಷರ ಇಡತೈತಿ, ಕಣ್ಣಿಗೆ ಕಾಣಂಗಿಲ್ಲ. ಲಿನಕ್ಸ್ ಅದನ್ನೂ ಹೆಸರಿನ್ಯಾಗ ಸೇರಿಸಿ ಓದತೈತಿ. ಆ ಹೆಸರಿನ ಬ್ಯಾಶ್ ಎಲ್ಲಿರಬೇಕ್ರಿ?" ಆಮೇಲೆ, ನಮ್ಮ ಯಾರ ಕಡೆಗೂ ತಿರುಗದೆ, "ಯಾರ್ರಿ ಇದನ್ನ ಮುಟ್ಟಿದವರು?"

ಆಗ ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಬರೆಯುವುದಾದರೆ, ಮ್ಯಾನೇಜರ್ ಒಂದು ವಾಕ್ಯ ಹೇಳಿ ಮುಗಿಸುವಷ್ಟು. ಅವರು ಹೇಳಿದ್ದು, "ನಿನ್ನ ಮೆಷಿನ್ನು, ನಿನ್ನ ಸ್ಕ್ರಿಪ್ಟು, ಇನ್ಯಾರು ಮುಟ್ತಾರೆ? ನೀನೇ ಮುಟ್ಟಿ ಮರೆತಿದ್ದೀಯ." ಅವನು ಇಲ್ಲ ಎನ್ನಲಿಲ್ಲ. ಇರಬಹುದು ಎನ್ನುವ ಹಾಗೆ ತಲೆಯಾಡಿಸತೊಡಗಿದ. ಅದನ್ನು ನೋಡಲಾಗಲಿಲ್ಲ.

"ನಾನು," ಎಂದೆ. "ನಿನ್ನೆ ಸಂಜೆ. ಒಂದು ಸಾಲು ತಿದ್ದಿದೆ. ಹೊಸ ಫೈಲಿಗೆ ಹಾಕಿ."

ಅವನು ತಿರುಗಿ ನೋಡಿದ. ಸಿಟ್ಟಿರಲಿಲ್ಲ. ದಣಿದವರು ದಣಿದವರನ್ನು ನೋಡುವ ರೀತಿ.

"ಹೇಳಬಾರದೇನ್ರಿ ಸರ್."

ಒಂದೇ ಆಜ್ಞೆ ಕೊಟ್ಟು ಎಲ್ಲ ಸಾಲುಗಳ ಕೊನೆಯಿಂದಲೂ ಆ ಅಕ್ಷರ ತೆಗೆದ. ಮತ್ತೆ ತರಿಸಿ ನೋಡಿದ, ಬಾಲಗಳಿರಲಿಲ್ಲ. ಓಡಿಸಿದ. ಪುಟಗಳು ಹೋದವು. ಹನ್ನೆರಡು ಐವತ್ತೆರಡು. ಆ ದಿನ ಬನಶಂಕರಿಗೆ ಕಟ್ಟು ಇಳಿದಾಗ ಮೂರಕ್ಕೆ ಹತ್ತು ನಿಮಿಷವಂತೆ. ಅರ್ಧಕ್ಕರ್ಧ ವಾಪಸು ಬಂತು.

ತಡವಾದ ದಿನ ಕಾರಣ ಬರೆದು ಸಹಿ ಹಾಕುವ ಪುಸ್ತಕವೊಂದು ಮ್ಯಾನೇಜರ್ ಕೋಣೆಯಲ್ಲಿತ್ತು. ಕಾರಣದ ಜಾಗದಲ್ಲಿ 'ಸಿಸ್ಟಮ್ ತೊಂದರೆ' ಎಂದು ಬರೆದರೆ ಸಾಕು, ಅದು ಅವನ ತಲೆಗೆ ಹೋಗುತ್ತಿತ್ತು. ಪುಸ್ತಕ ತರಿಸಿಕೊಂಡೆ. ವೇಳೆ ಬರೆದೆ. ಕೆಳಗೆ: ಪುಟ ಕಳಿಸುವ ಸ್ಕ್ರಿಪ್ಟನ್ನು ಡೆಸ್ಕಿನ ಮುಖ್ಯಸ್ಥರು ಸಿಸ್ಟಮ್ ವಿಭಾಗಕ್ಕೆ ತಿಳಿಸದೆ ವಿಂಡೋಸ್‌ನಲ್ಲಿ ತಿದ್ದಿದ್ದರಿಂದ ಓಡಲಿಲ್ಲ, ಡಿಸ್ಕ್ ಸರಿಯಿದೆ, ಸಿಸ್ಟಮ್ ವಿಭಾಗ ಸರಿಪಡಿಸಿತು. ಸಹಿ ಹಾಕಿದೆ.

ಮ್ಯಾನೇಜರ್ ಓದಿ ಕನ್ನಡಕ ತೆಗೆದರು. "ಇಷ್ಟುದ್ದ ಯಾಕೆ ಸಾರ್? ಒಂದು ಲೈನಲ್ಲಿ ಮುಗಿಸಬಹುದಿತ್ತು."

"ಒಂದು ಲೈನಿಂದಲೇ ಇಷ್ಟಾಗಿದ್ದು," ಎಂದೆ. "ಇದು ಅವನ ಮೂರನೆಯದಲ್ಲ. ನನ್ನ ಮೊದಲನೆಯದು."

"ನೀವು ಮುಟ್ಟೋ ಹಾಗೆ ಇಟ್ಟಿದ್ದು ಯಾರು? ಅದೂ ಅವನ ತಪ್ಪೇ ಅಲ್ವಾ?"

ಪುಸ್ತಕದಲ್ಲಿ ಏನಿದೆಯೋ ಅದೇ ಎಂದು ಹೇಳಿ ಬಂದೆ. ಅವರು ಹರಿದು ಹಾಕುವವರಲ್ಲ. ಬರೆದದ್ದಕ್ಕೆ ಅಷ್ಟು ಬೆಲೆ ಆ ಆಫೀಸಿನಲ್ಲಿತ್ತು.

ತಿಂಗಳ ಕೊನೆಗೆ ಕರಾರು ಮುಂದುವರಿಯಿತು. ಒಂದು ವರ್ಷಕ್ಕಲ್ಲ, ಆರು ತಿಂಗಳಿಗೆ. ಮಗಳನ್ನು ಆ ಶಾಲೆಗೇ ಸೇರಿಸಿದ. ಆರು ತಿಂಗಳ ಮೇಲೆ ಏನು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳುವಂಥದ್ದೂ ಏನಿರಲಿಲ್ಲ.

ಕರಾರಿಗೆ ಸಹಿ ಹಾಕಿದ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಸರ್, ಒಂದು ಮಾತು. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಹೇಳಪ್ಪಾ."

"ಸ್ಕ್ರಿಪ್ಟ್ ಇರೋ ಫೋಲ್ಡರಿಗೆ ನಿಮ್ಮ ಲಾಗಿನ್ ಓದಾಕಷ್ಟ ಬಿಟ್ಟೀನ್ರಿ. ತಿದ್ದಾಕ ಬರಂಗಿಲ್ಲ."

ಒಳ್ಳೆಯದು ಮಾಡಿದೆ ಎಂದೆ. ಅವನು ಹೋದ ಮೇಲೆ ಫೋಲ್ಡರ್ ತೆರೆದು ನೋಡಿದೆ. ಸ್ಕ್ರಿಪ್ಟ್ ಇತ್ತು. ಅದರೊಳಗೆ ಒಂದು ಕಡೆ ಅವನು ಬರೆದಿಟ್ಟ ಟಿಪ್ಪಣಿಯಲ್ಲಿ ಒಂದು ಪದ ತಪ್ಪಿತ್ತು. ಓದಿ ಮುಚ್ಚಿದೆ.