ರೂಪಾಯಿಯ ಮೇಲಿನ ನಾಲ್ಕಾಣೆ, ರೂಪಾಯಿಯೊಳಗಿನ ನಾಲ್ಕಾಣೆ

ಈ ಬರಹದಲ್ಲಿ ಭಾಷೆಯ ಕುಂದುಗಳಿದ್ದರೆ ಓದುಗರು ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದೆ, ಕೃಷ್ಣಗಿರಿಯ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ, ಹೋಗಿ ಬರುವ ಬಸ್ಸಿನಲ್ಲಿ ತಮಿಳು ಕಲಿತೆ. ಹೀಗಾಗಿ ಯಾವ ಭಾಷೆಯಲ್ಲಿ ಬರೆದರೂ ತಪ್ಪಾಗಿರಬಹುದೆಂಬ ಅಳುಕು ನನ್ನನ್ನು ಬಿಟ್ಟಿಲ್ಲ. ನಮ್ಮ ವಂಶದಲ್ಲಿ ಬಿ.ಕಾಂ. ಮುಗಿಸಿದವಳು ನಾನೇ ಮೊದಲು. ಆ ಮಾತನ್ನು ಆ ದಿನಗಳಲ್ಲಿ ನಾನು ಒಂದು ಗಳಿಗೆಯೂ ಮರೆತಿರಲಿಲ್ಲ.

ಹೊಸೂರಿನಲ್ಲಿ ಅಪ್ಪನದು ರೆಡಿಮೇಡ್ ಬಟ್ಟೆಯ ಸಣ್ಣ ಅಂಗಡಿ. ಅಣ್ಣ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ. ಅಂಗಡಿಯಲ್ಲಿ ಅಪ್ಪನ ಜೊತೆ ನಾನು ಮತ್ತು ಅತ್ತಿಗೆ ಇರುತ್ತಿದ್ದೆವು. ಅತ್ತಿಗೆ ರಾಯಕೋಟೆಯವಳು. ಏಳನೆಯ ತರಗತಿಗೆ ಶಾಲೆ ಬಿಟ್ಟು, ತಾಯಿಯೊಂದಿಗೆ ಸಂತೆಯಲ್ಲಿ ಕುಳಿತು ಲಂಗ, ರವಿಕೆ ಮಾರಿದವಳು. ಗಿರಾಕಿಗಳು ಒಳಗೆ ಬಂದೊಡನೆ ಅವಳ ಕಡೆಗೇ ತಿರುಗುತ್ತಿದ್ದರು. ತೆಲುಗಿನವರಿಗೆ ತೆಲುಗು, ತಮಿಳಿನವರಿಗೆ ತಮಿಳು ಅವಳ ಬಾಯಿಗೆ ತಾನಾಗಿ ಬರುತ್ತಿತ್ತು. ನಾನು ಮನಸ್ಸಿನಲ್ಲಿ ವಾಕ್ಯ ಕಟ್ಟಿಕೊಳ್ಳುವಷ್ಟರಲ್ಲಿ ಅವಳು ವ್ಯಾಪಾರ ಮುಗಿಸಿರುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಬೇರೆ ಮರ್ಯಾದೆಯ ಪದ ಹುಡುಕಿದೆ, ಸಿಗಲಿಲ್ಲ.

ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ಕಾರ್ಮಿಕರ ಮನೆಗಳು ಏಳುತ್ತಿದ್ದ ಕಾಲವದು. ಅಲ್ಲಿ ಒಂದು ಮಳಿಗೆ ಖಾಲಿಯಾಗುವುದಿತ್ತು. ಅದರ ಅಡ್ವಾನ್ಸು ಸಾವಿರದ ಐನೂರು ರೂಪಾಯಿ. ಎರಡನೆಯ ಅಂಗಡಿ ಆದರೆ ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಯಾರು ಎಂಬುದನ್ನು ಅಪ್ಪ ಹೇಳಿರಲಿಲ್ಲ. ನನ್ನ ಮದುವೆಯ ಮಾತುಗಳು ಆಗಲೇ ನಡೆದಿದ್ದವು. ಆ ಗಲ್ಲಾ ಸಿಕ್ಕರೆ ಅವನ್ನು ಒಂದೆರಡು ವರ್ಷ ಮುಂದೂಡಬಹುದೆಂದು, ಓದಿದ್ದಕ್ಕೆ ಒಂದು ಅರ್ಥ ಬರುವುದೆಂದು ನಾನು ಎಣಿಸಿದ್ದೆ.

ದೀಪಾವಳಿಗೆ ಮುಂಚೆ ಒಂದು ಅವಕಾಶ ಬಂತು. ಕಾರ್ಖಾನೆಯೊಂದರ ನೌಕರರ ಸಹಕಾರ ಭಂಡಾರದವರು ನಮ್ಮ ಇನ್ನೂರು ಶರ್ಟುಗಳನ್ನು ಇಟ್ಟು ಮಾರಿಕೊಡಲು ಒಪ್ಪಿದರು. ಮಾರಿದ ಬೆಲೆಯಲ್ಲಿ ನೂರಕ್ಕೆ ಹದಿನೈದು ಭಂಡಾರಕ್ಕೆ. ಬೆಲೆಯ ಚೀಟಿಯನ್ನು ನಾವೇ ಹೊಲಿದು ಕೊಡಬೇಕು, ಆಮೇಲೆ ಬದಲಾಯಿಸುವಂತಿಲ್ಲ. ಹೊಲಿಗೆ, ಗುಂಡಿ, ಬಸ್ಸಿನ ಸಾಗಣೆ ಎಲ್ಲ ಸೇರಿ ಒಂದು ಶರ್ಟಿಗೆ ನಮಗೆ ಅರವತ್ತು ರೂಪಾಯಿ ಬಿದ್ದಿತ್ತು.

ಅಪ್ಪ ಹೇಳಿದರು: "ನೂರು ರೂಪಾಯಿ ಮಾರಿದ್ರೆ ಅವ್ರಿಗೆ ಹದಿನೈದು ಹೋಗಿ ನಮ್ಗೆ ಹತ್ತಾದ್ರೂ ಉಳೀಬೇಕು ಕಣವ್ವ. ನೀನು ಓದ್ದೋಳು, ರೇಟು ನೀನೇ ಹಾಕು."

ಹದಿನೈದು, ಹತ್ತು, ಒಟ್ಟು ಇಪ್ಪತ್ತೈದು. ಅರವತ್ತಕ್ಕೆ ನೂರಕ್ಕಿಪ್ಪತ್ತೈದರಂತೆ ಹದಿನೈದು ಕೂಡಿಸಿ ಎಪ್ಪತ್ತೈದು ಎಂದು ಬರೆದೆ. ಹೈಸ್ಕೂಲಿನ ಗಣಿತದಲ್ಲಿ ಲಾಭದ ಶೇಕಡಾ ಎಂದರೆ ಕೊಂಡ ಬೆಲೆಯ ಮೇಲೆಯೇ ಎಂದು ಬಾಯಿಪಾಠ ಮಾಡಿಸಿದ್ದರು. ಅಪ್ಪನಿಗೂ ಅದು ಹಿಡಿಸಿತು. ಅವರು ಯಾವಾಗಲೂ ಅಸಲಿನ ಒಂದೊಂದು ರೂಪಾಯಿಯ ಮೇಲೆ ನಾಲ್ಕಾಣೆ ಇಟ್ಟು ಮಾರಿದವರು.

ಚೀಟಿ ಹೊಲಿಯಲು ಕುಳಿತಿದ್ದ ಅತ್ತಿಗೆ ಸೂಜಿಯನ್ನು ಹಾಗೇ ಹಿಡಿದು ಕೇಳಿದಳು: "ಎಂಬತ್ತಾಗಬೇಕಲ್ವಾ ಅಮ್ಮಣ್ಣಿ?"

"ಯಾಕೆ?"

"ನಮ್ಮವ್ವ ಮಾರೋ ರೇಟನ್ನ ನಾಕು ಪಾಲು ಮಾಡೋಳು. ಮೂರು ಪಾಲು ಅಸಲು, ಒಂದು ಪಾಲು ಮಿಗೋದು. ಮೂರು ಪಾಲು ಅರವತ್ತಾದ್ರೆ ಒಂದು ಪಾಲು ಇಪ್ಪತ್ತು ತಾನೆ? ಬಂದ ರೂಪಾಯಿ ಒಳಗೆ ನಾಕಾಣೆ ನಮ್ದಿರಬೇಕು, ಹಾಕಿದ ರೂಪಾಯಿ ಮೇಲಲ್ಲ."

"ಅದು ಸಂತೆಯ ಲೆಕ್ಕ ಅತ್ತಿಗೆ. ಇದು ಶೇಕಡಾವಾರು," ಎಂದೆ.

"ಸಂತೇಲೂ ನೂರಕ್ಕೆ ನೂರೇ ಇರ್ತದೆ," ಎಂದು ಅವಳು ನಕ್ಕಳು. ಅಪ್ಪನೂ ನಕ್ಕರು. ಆ ನಗೆಯಿಂದ ನನ್ನ ಮುಖ ಬಿಸಿಯಾಯಿತು. ಆದರೂ ಅಪ್ಪ, "ಇರ್ಲಿ ಬುಡಮ್ಮ, ಅವ್ಳು ಕಾಲೇಜ್ ನೋಡ್ಬಂದೋಳು" ಎಂದು ನನ್ನ ಬೆಲೆಯನ್ನೇ ಎತ್ತಿಹಿಡಿದರು. ಅತ್ತಿಗೆ ಎಪ್ಪತ್ತೈದರ ಚೀಟಿ ಹೊಲಿಯತೊಡಗಿದಳು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಸಂಕೋಚವಿದೆ. ಅವಳು ಮಧ್ಯಾಹ್ನದ ಅಡುಗೆಗೆಂದು ಮನೆಗೆ ಹೋದ ಮೇಲೆ ನಾನು ಒಂದು ರಸೀದಿಯ ಹಿಂಬದಿಯಲ್ಲಿ ಲೆಕ್ಕವನ್ನು ತಿರುಗಿಸಿ ನೋಡಿದೆ. ಎಪ್ಪತ್ತೈದರಲ್ಲಿ ಭಂಡಾರಕ್ಕೆ ಹೋಗುವುದು ಹನ್ನೊಂದೂಕಾಲು. ಕೈಗೆ ಬರುವುದು ಅರವತ್ತಮೂರೂಮುಕ್ಕಾಲು. ಅಸಲು ಕಳೆದರೆ ಮೂರೂಮುಕ್ಕಾಲು, ಅಂದರೆ ನೂರು ರೂಪಾಯಿ ಮಾರಾಟಕ್ಕೆ ಬರಿಯ ಐದು. ಅವಳ ಎಂಬತ್ತರಲ್ಲಿ ಭಂಡಾರಕ್ಕೆ ಹನ್ನೆರಡು ಕೊಟ್ಟು, ಅರವತ್ತು ಕಳೆದರೆ ಎಂಟು ಉಳಿಯುತ್ತಿತ್ತು. ಸರಿಯಾಗಿ ನೂರಕ್ಕೆ ಹತ್ತು. ಉಳಿಯಬೇಕಾದ ಪಾಲನ್ನು ಮಾರುವ ಬೆಲೆಯಲ್ಲಿ ಹೇಳಿದಾಗ ಅಸಲನ್ನು ಮುಕ್ಕಾಲಿನಿಂದ ಭಾಗಿಸಬೇಕು. ಇದನ್ನು ಕಾಲೇಜಿನಲ್ಲಿಯೂ ಹೇಳಿಕೊಟ್ಟಿದ್ದರು. ನಾನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಆಗಿನ್ನೂ ನಲವತ್ತು ಚೀಟಿಗಳೂ ಹೊಲಿದಾಗಿರಲಿಲ್ಲ. ಬಿಚ್ಚಿ ಹೊಸದು ಹಾಕಲು ಒಂದು ಗಂಟೆ ಸಾಕಿತ್ತು. ಅಪ್ಪ ಎರಡು ಮಾರು ದೂರದಲ್ಲಿ ಬಟ್ಟೆ ಮಡಿಸುತ್ತಿದ್ದರು. ಕರೆದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಮೂಕಂಡಪಲ್ಲಿಯ ಗಲ್ಲಾವನ್ನು ನನ್ನ ಕೈಯಾರೆ ಅವಳಿಗೆ ಕೊಟ್ಟಂತೆ ಎಂದು ತೋರಿತು. ರಸೀದಿಯನ್ನು ಹರಿದೆ. ಅವಳು ಮರಳಿ ಬಂದಾಗ ಉಳಿದ ಚೀಟಿಗಳನ್ನು ನಾನೇ ಬರೆದುಕೊಟ್ಟೆ. ಅಕ್ಷರಗಳು ಮಾತ್ರ ಬಹಳ ದುಂಡಾಗಿದ್ದವು.

ಶರ್ಟುಗಳು ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಖಾಲಿಯಾದವು. ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದರು. ಭಂಡಾರದವರ ಹಣ ಬಂದ ದಿನ ರಾತ್ರಿ ಮನೆಯಲ್ಲಿ ಅಸಲನ್ನು ಒಂದು ಕಡೆ ಇಟ್ಟು, ಮಿಕ್ಕದ್ದನ್ನು ಮೂರು ಸಲ ಎಣಿಸಿದರು. ಏಳುನೂರೈವತ್ತು.

"ಅಡ್ವಾನ್ಸಿಗೆ ಅರ್ಧ ಆಯ್ತು," ಎಂದರು. "ಇನ್ನೂರೂ ಹೋಗ್ಬುಟ್ವು, ದುಡ್ಡೆಲ್ಲೋಯ್ತು?"

ಅವರು ಅತ್ತಿಗೆಯ ಕಡೆ ನೋಡಿದರು. "ಎಂಬತ್ತು ಅಂದಿದ್ದೆಯಲ್ಲಮ್ಮ ನೀನು."

"ಎಪ್ಪತ್ತೈದಕ್ಕೆ ಅಂತ ಎಲ್ಲಾ ಹೋದ್ವು ಮಾವ," ಎಂದಳು ಅತ್ತಿಗೆ. "ಎಂಬತ್ತಕ್ಕೆ ಇಪ್ಪತ್ತೋ ಮೂವತ್ತೋ ವಾಪಸ್ ಬತ್ತಿದ್ವೇನೋ. ಯಾರು ಕಂಡೋರು."

ಅವಳು ನನ್ನನ್ನು ಉಳಿಸಲು ಹೇಳಿದಳೋ, ನಿಜವಾಗಿ ಹಾಗೇ ನಂಬಿದ್ದಳೋ ನನಗೆ ಇಂದಿಗೂ ತಿಳಿಯದು. ಅವಳು ಗೆದ್ದೆನೆಂದು ಕುಣಿದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಈ ದೊಡ್ಡತನವನ್ನು ಸಹಿಸುವುದು ಕಷ್ಟವಾಯಿತು. ಆ ಕಷ್ಟದಲ್ಲಿಯೇ ನನ್ನ ಬಾಯಿಂದ ನಿಜ ಹೊರಬಿತ್ತು.

"ಅತ್ತಿಗೆ ಹೇಳಿದ್ದೇ ಸರಿ ಅಪ್ಪ. ಅವತ್ತು ಮಧ್ಯಾಹ್ನವೇ ನನಗೆ ಗೊತ್ತಾಗಿತ್ತು."

ಅಪ್ಪ ನೋಟುಗಳ ಅಂಚು ಸರಿಮಾಡಿದರು. "ಗೊತ್ತಿಲ್ದೆ ಮಾಡಿದ್ರೆ ಕಾಲೇಜಿಗೆ ಕಟ್ಟಿದ ದುಡ್ಡು ದಂಡ ಅಂತಿದ್ದೆ," ಎಂದರು. "ಗೊತ್ತಿದ್ದೂ ಸುಮ್ಕಿದ್ದೋಳಿಗೆ ಏನನ್ಲಿ?"

ಅತ್ತಿಗೆ ಎದ್ದು ಒಲೆಯ ಕಡೆಗೆ ಹೋದಳು. ಅವಳು ನನ್ನೊಡನೆ ಆ ವಿಷಯ ಎಂದೂ ಎತ್ತಲಿಲ್ಲ. ಆದರೆ ಅಂದಿನಿಂದ ನನ್ನನ್ನು ಅಮ್ಮಣ್ಣಿ ಎಂದು ಕರೆಯುವುದನ್ನು ನಿಲ್ಲಿಸಿದಳು.

ಭಂಡಾರಕ್ಕೆ ಕಳಿಸಿದ ಪೊಂಗಲ್ ಸರಕಿಗೆ ಬೆಲೆ ಹಾಕಿದವಳು ಅವಳು. ನಲವತ್ತೆಂಟಕ್ಕೆ ಅರವತ್ತನಾಲ್ಕು, ನಲವತ್ತೈದಕ್ಕೆ ಅರವತ್ತು, ಮೂವತ್ತಾರಕ್ಕೆ ನಲವತ್ತೆಂಟು ಎಂದು ಕೂತಲ್ಲೇ ಹೇಳುತ್ತ ಹೋದಳು. ನಾನು ಚೀಟಿ ಬರೆಯುತ್ತ ಮನಸ್ಸಿನಲ್ಲಿ ಮುಕ್ಕಾಲಿನಿಂದ ಭಾಗಿಸಿ ಪರೀಕ್ಷಿಸಿದೆ. ಒಂದಾದರೂ ತಪ್ಪಲಿ ಎಂದು ಹಾರೈಸಿದೆ. ಒಂದೂ ತಪ್ಪಲಿಲ್ಲ. ಕೆಲವು ಶರ್ಟುಗಳು ಮಾರಾಟವಾಗದೆ ಹಿಂದಕ್ಕೆ ಬಂದವು, ಆದರೂ ಅಡ್ವಾನ್ಸಿನ ಹಣ ತುಂಬಿತು.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಯುಗಾದಿಯ ನಂತರ ಮೂಕಂಡಪಲ್ಲಿಯ ಅಂಗಡಿ ತೆರೆಯಿತು, ಅದರ ಬೀಗದ ಕೈ ಅತ್ತಿಗೆಯ ಸೊಂಟಕ್ಕೆ ಹೋಯಿತು. ಮರುವರ್ಷ ಅಣ್ಣ ಕಾರ್ಖಾನೆ ಬಿಟ್ಟು ಅವಳೊಂದಿಗೆ ಕುಳಿತ. ಅಪ್ಪ ಹೊಸೂರಿನ ಅಂಗಡಿಯಲ್ಲಿಯೂ ಅವಳಂತೆಯೇ ನಾಲ್ಕು ಪಾಲು ಮಾಡಿ ಬೆಲೆ ಹಾಕತೊಡಗಿದರು. ನನ್ನ ಮದುವೆಯೂ ಆ ಮರುವರ್ಷವೇ ನಡೆಯಿತು, ಅದರ ಖರ್ಚಿನ ಬಹುಪಾಲು ಮೂಕಂಡಪಲ್ಲಿಯ ಗಲ್ಲಾದಿಂದ ಬಂತು.